ಬೀಗ ಹಾಕಿದ ಎರಡು ಮನೆ, ನನ್ನ ಬಿಲ್ಲಿನ 3,750 ರೂಪಾಯಿ

ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ. ಜೂನ್‌ನಲ್ಲಿ ಹಿಡಿದರೆ ಬಿಡುವುದೇ ಇಲ್ಲ. ಅಂಥ ಒಂದು ಸಂಜೆ ಟಿಳಕವಾಡಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದ ಗೋಡೆಗೆ ಎರಡು ಹಾಳೆ ಅಂಟಿಸಿದ್ದರು. ಒಂದರಲ್ಲಿ ವರ್ಷದ ಜಮಾ ಖರ್ಚು. ಇನ್ನೊಂದರಲ್ಲಿ ಫ್ಲ್ಯಾಟ್ ನಂಬರ್, ಚದರ ಅಡಿ, ಯಾರ್‍ಯಾರು ಎಷ್ಟು ಕೊಡಬೇಕು ಅನ್ನೋ ಪಟ್ಟಿ. ನನ್ನ ಹೆಸರಿನ ಮುಂದೆ ಬಾಕಿ 5,250 ಅಂತ ಇತ್ತು.

ನಮ್ಮಲ್ಲಿ ಪದ್ಧತಿ ಹೀಗೆ: ತಿಂಗಳಿಗೊಂದು ಅಂದಾಜು ಮೊತ್ತ ಕಟ್ಟುತ್ತೇವೆ, ಮಾರ್ಚ್ 31ಕ್ಕೆ ವರ್ಷ ಮುಗಿದ ಮೇಲೆ ನಿಜವಾದ ಖರ್ಚು ಲೆಕ್ಕ ಹಾಕಿ ಚದರ ಅಡಿ ಪ್ರಕಾರ ಹಂಚುತ್ತಾರೆ, ಕಡಿಮೆ ಬಿದ್ದಿದ್ದನ್ನು ಕಟ್ಟಬೇಕು. ನನ್ನದು 1,250 ಚದರ ಅಡಿ ಮನೆ. ತಿಂಗಳಿಗೆ 3,000ದಂತೆ 36,000 ಕಟ್ಟಿದ್ದೆ. ಹಾಳೆ ಪ್ರಕಾರ ನನ್ನ ಪಾಲು 41,250. ಇಷ್ಟು ಜಾಸ್ತಿ ಯಾಕೆ ಅಂತ ತಲೆ ಕೆರೆದುಕೊಂಡು, ಎರಡೂ ಹಾಳೆಯ ಫೋಟೋ ತೆಗೆದುಕೊಂಡು ಮನೆಗೆ ಬಂದೆ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಮಾಡುವುದು ಖರ್ಚಿನ ಪಟ್ಟಿ ಜಾಲಾಡುವುದು. ಫಿನಾಯಿಲಿಗೆ ಇಷ್ಟೊಂದಾ, ಡೀಸೆಲ್ ಅಷ್ಟು ಹೇಗೆ ಸುಟ್ಟಿತು, ವಾಚ್‌ಮನ್‌ಗೆ ದೀಪಾವಳಿ ಬೋನಸ್ ಯಾರು ಕೊಡು ಅಂದರು. ನಾನೂ ಅಲ್ಲೇ ಶುರು ಮಾಡಿದೆ. ಇಬ್ಬರು ವಾಚ್‌ಮನ್ ಸಂಬಳ 2,88,000. ಹೆಸ್ಕಾಂನ ಕಾಮನ್ ಮೀಟರ್ ಬಿಲ್ 1,32,000. ಕಸ ಗುಡಿಸುವವರು, ಟ್ಯಾಂಕರ್ ನೀರು, ಲಿಫ್ಟಿನ ವಾರ್ಷಿಕ ಒಪ್ಪಂದ, ಪಂಪ್ ರಿಪೇರಿ ಎಲ್ಲಾ ಸೇರಿ ಒಟ್ಟು 8,40,000. ಒಂದೊಂದಕ್ಕೂ ಬಿಲ್ ಇತ್ತು, ನಾನು ನೋಡಿದೆ ಕೂಡ. ಖರ್ಚಿನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದಿದ್ದು ಹಂಚಿಕೆಯಲ್ಲಿ, ಅಂದರೆ ಯಾರೂ ನೋಡದ ಆ ಎರಡನೇ ಹಾಳೆಯಲ್ಲಿ.

ಹಂಚಿಕೆ ಅಂದರೆ ಒಂದು ಭಾಗಾಕಾರ, ಅಷ್ಟೇ. ಮೇಲೆ ಒಟ್ಟು ಖರ್ಚು, ಕೆಳಗೆ ಒಟ್ಟು ಚದರ ಅಡಿ. ಭಾಗಿಸಿದರೆ ಒಂದು ಚದರ ಅಡಿಗೆ ಇಷ್ಟು ಅಂತ ದರ ಬರುತ್ತದೆ. ಅದನ್ನು ನಿಮ್ಮ ಮನೆಯ ಚದರ ಅಡಿಯಿಂದ ಗುಣಿಸಿದರೆ ನಿಮ್ಮ ಪಾಲು. ಮೇಲಿನ ಸಂಖ್ಯೆಯ ಬಗ್ಗೆ ಸಭೆಯಲ್ಲಿ ಮೂರು ತಾಸು ಜಗಳ ಆಗುತ್ತದೆ. ಕೆಳಗಿನ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ. ಅದು ಕಟ್ಟಡದ ಅಳತೆ, ಅದರಲ್ಲೇನು ಬದಲಾಗುತ್ತದೆ ಅಂತ ಸುಮ್ನೆ ಬಿಡುತ್ತೇವೆ.

ನಮ್ಮ ಕಟ್ಟಡದಲ್ಲಿ ನಾಲ್ಕು ಮಹಡಿ, ಮಹಡಿಗೆ ಆರು ಮನೆ. ಒಂದು ಮಹಡಿಯಲ್ಲಿ 1,000 ಚದರ ಅಡಿಯ ಮೂರು, 1,250ರ ಎರಡು, 1,500ರ ಒಂದು ಮನೆ. ಸೇರಿ 7,000. ನಾಲ್ಕು ಮಹಡಿಗೆ 28,000. ಹಾಗಾದರೆ 8,40,000 ಭಾಗಿಸು 28,000 ಅಂದರೆ ಚದರ ಅಡಿಗೆ 30 ರೂಪಾಯಿ. ನನ್ನ ಪಾಲು 37,500 ಆಗಬೇಕು. ಹಾಳೆಯಲ್ಲಿ ದರ 33 ಅಂತ ಇತ್ತು. ಈ ಮೂರು ರೂಪಾಯಿ ಎಲ್ಲಿಂದ ಬಂತು?

ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಹಾಳೆಯಲ್ಲಿ ಬರೆದ ದರವನ್ನು ಇಡೀ ಕಟ್ಟಡದ ಚದರ ಅಡಿಯಿಂದ ತಿರುಗಿ ಗುಣಿಸಿ. ಬಂದ ಉತ್ತರ ಒಟ್ಟು ಖರ್ಚಿನಷ್ಟೇ ಇರಬೇಕು. ನಾನು ಮಾಡಿದೆ: 28,000 ಗುಣಿಸು 33, ಅಂದರೆ 9,24,000. ಖರ್ಚಾಗಿದ್ದು 8,40,000. ನಡುವೆ 84,000 ರೂಪಾಯಿ. ಅಷ್ಟು ದುಡ್ಡು ಯಾರಾದರೂ ನುಂಗಿದ್ದಾರೆ ಅಂತ ಇದರ ಅರ್ಥ ಅಲ್ಲ. ಆದರೆ ಲೆಕ್ಕದಲ್ಲಿ ಯಾವುದೋ ಒಂದು ಸಂಖ್ಯೆ ಬೇರೆ ಇದೆ ಅನ್ನೋದು ಖಚಿತವಾಯಿತು.

ಆಮೇಲೆ ಹಾಳೆಯ ಚದರ ಅಡಿ ಕಾಲಂ ಕೂಡಿಸಿದೆ. 25,500 ಬಂತು. 28,000 ಅಲ್ಲ. ಸಾಲು ಎಣಿಸಿದರೆ 22 ಮನೆ. ಕಟ್ಟಡದಲ್ಲಿ 24 ಇವೆ. ಮೂರನೇ ಮಹಡಿಯ ಒಂದು, ನಾಲ್ಕನೇ ಮಹಡಿಯ ಒಂದು, ಎರಡೂ 1,250ರವು, ಪಟ್ಟಿಯಲ್ಲೇ ಇಲ್ಲ. ಬಿಲ್ಡರ್ ಹೆಸರಿನಲ್ಲೇ ಉಳಿದ, ಮಾರಾಟವಾಗದ, ಬೀಗ ಹಾಕಿದ ಮನೆಗಳು. 8,40,000ವನ್ನು 25,500ರಿಂದ ಭಾಗಿಸಿದರೆ 32.94. ಅದನ್ನು ಲೆಕ್ಕಕ್ಕೆ ಸುಲಭ ಅಂತ 33 ಮಾಡಿದ್ದರು.

ಈಗ ಆ 84,000 ಪೂರ್ತಿ ಬಿಡಿಸಿಕೊಳ್ಳುತ್ತದೆ. ಬಿಟ್ಟುಹೋದ 2,500 ಚದರ ಅಡಿಗೆ 33ರಂತೆ 82,500. ಉಳಿದ 1,500 ದರವನ್ನು ದುಂಡಗೆ ಮಾಡಿದ್ದರಿಂದ ಬಂದದ್ದು, ಯಾಕೆಂದರೆ 22 ಮನೆಗಳಿಗೆ ಹಾಕಿದ ಬಿಲ್ ಒಟ್ಟು 8,41,500. ಒಂದು ರೂಪಾಯಿಯೂ ಉಳಿಯದಂತೆ ವ್ಯತ್ಯಾಸ ಹೀಗೆ ಬಿಡಿಸಿಕೊಂಡರೆ ಮಾತ್ರ ಕಾರಣ ಸಿಕ್ಕಿತು ಅಂತ ನಂಬಬಹುದು. 80,000ದ ಹತ್ತಿರ ಬಂತು, ಸಾಕು ಅಂತ ನಿಲ್ಲಿಸಿದರೆ ಇನ್ನೊಂದು ತಪ್ಪು ಅದರೊಳಗೇ ಅಡಗಿ ಕೂತಿರಬಹುದು.

ಮರುದಿನ ಖಜಾಂಚಿಯವರ ಮನೆಗೆ ಹೋದೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ನಾವೆಲ್ಲ ಕಾಕಾ ಅನ್ನುತ್ತೇವೆ. ಪೈಸೆ ಪೈಸೆಗೂ ಚೀಟಿ ಇಡುವ ಮನುಷ್ಯ. ಚಹಾ ಕೊಟ್ಟು, ಹಾಳೆ ನೋಡಿ, ನಕ್ಕರು.

"ಅವೆರಡೂ ಖಾಲಿ ಅದಾವಲ್ಲೋ ತಮ್ಮಾ. ಯಾರೂ ಇಲ್ಲ, ನೀರಿಲ್ಲ, ಕಸ ಇಲ್ಲ. ಅವಕ್ಕ ಏನ್ ಖರ್ಚು ಹಾಕೂದು?"

"ಕಾಕಾ, ಲಿಫ್ಟ್ ಕಂಪನಿಯವ್ರು ಎರಡು ಮನಿ ಖಾಲಿ ಅದಾವ ಅಂತ ಕಡಿಮಿ ತಗೊಂಡ್ರೇನ್ರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಕಿದ್ರೂ ಆಂವ ಕೊಡಂಗಿಲ್ಲ. ಸಂಬಳ ನಾ ಎಲ್ಲಿಂದ ಕೊಡ್ಲಿ?"

ನಿಜ ವಿಷಯ ಇದ್ದಿದ್ದು ಈ ಕೊನೆಯ ಮಾತಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ.

ನಮ್ಮ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಅಡಿ ಬರುತ್ತದೆ. ಆ ಕಾಯ್ದೆಯ 10ನೇ ಕಲಮು ಹೇಳುವುದು ಇಷ್ಟು: ಸಾಮಾನ್ಯ ಖರ್ಚನ್ನು, ಹಾಗೇ ಸಾಮಾನ್ಯ ಲಾಭವನ್ನೂ, ಸಾಮಾನ್ಯ ಜಾಗಗಳಲ್ಲಿ ಪ್ರತಿ ಮನೆಗಿರುವ ಅವಿಭಜಿತ ಪಾಲಿನ ಶೇಕಡಾವಾರು ಪ್ರಕಾರ ಹಂಚಬೇಕು. ಆ ಶೇಕಡಾವಾರು ಎಷ್ಟು ಅನ್ನೋದು ಕಟ್ಟಡದ ಘೋಷಣಾ ಪತ್ರದಲ್ಲಿ, ಅಂದರೆ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ ಬರೆದಿರುತ್ತದೆ. 6ನೇ ಕಲಮಿನ ಪ್ರಕಾರ ಅದನ್ನು ಲೆಕ್ಕ ಹಾಕುವುದು ಇಡೀ ಆಸ್ತಿಯ ಮೌಲ್ಯದಲ್ಲಿ ಮನೆಯ ಮೌಲ್ಯ ಎಷ್ಟು ಅಂತ ನೋಡಿ. ಆದರೆ ನಮ್ಮಂಥ ಕಟ್ಟಡದಲ್ಲಿ ಬಿಲ್ಡರ್ ಅದನ್ನು ಚದರ ಅಡಿಯಿಂದಲೇ ತೆಗೆದಿರುತ್ತಾನೆ. ಒಮ್ಮೆ ಬರೆದ ಮೇಲೆ ಎಲ್ಲಾ ಮಾಲೀಕರ ಒಪ್ಪಿಗೆ ಇಲ್ಲದೆ ಅದನ್ನು ಬದಲಾಯಿಸುವ ಹಾಗಿಲ್ಲ. ನಾನು ಸಾಮಾನ್ಯ ಸೌಕರ್ಯ ಬಳಸುವುದಿಲ್ಲ, ಹಾಗಾಗಿ ಕೊಡುವುದಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ದಾರಿಯನ್ನೂ ಕಾಯ್ದೆ ಮುಚ್ಚಿದೆ. ಮಾರಾಟವಾಗದ ಮನೆಗೆ ಬಿಲ್ಡರ್‌ನೇ ಮಾಲೀಕ. ಖಾಲಿ ಇದ್ದರೂ ಪಾಲು ಪಾಲೇ.

ಹಾಗಾಗಿ ಪಟ್ಟಿ ತಾಳೆ ನೋಡುವಾಗ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದ ಕಾಗದ ಹೋದ ವರ್ಷದ ಪಟ್ಟಿ ಅಲ್ಲ, ಘೋಷಣಾ ಪತ್ರ. ಹೋದ ವರ್ಷದ ಪಟ್ಟಿಯನ್ನು ಅದರ ಹಿಂದಿನ ವರ್ಷದಿಂದ ನಕಲು ಮಾಡಿರುತ್ತಾರೆ, ಅದನ್ನು ಅದರ ಹಿಂದಿನದರಿಂದ. ನಮ್ಮ ತಪ್ಪು ಎಷ್ಟು ವರ್ಷದ್ದು ಅಂತ ನಾನು ಕೆದಕಲು ಹೋಗಲಿಲ್ಲ. ಕೆದಕಿದ್ದರೆ ಕಾಕಾಗೆ ನಿದ್ದೆ ಬರುತ್ತಿರಲಿಲ್ಲ.

ಘೋಷಣಾ ಪತ್ರದಲ್ಲಿ ನನ್ನ ಮನೆಯ ಪಾಲು ಶೇ. 4.46, ಸಣ್ಣ ಮನೆಗೆ 3.57, ದೊಡ್ಡದಕ್ಕೆ 5.36. ಎಲ್ಲಾ 24 ಮನೆಗಳದ್ದು ಕೂಡಿಸಿದರೆ 99.96 ಬರುತ್ತದೆ. ಅಯ್ಯೋ ಇಲ್ಲೂ ತಪ್ಪು ಅಂತ ಹೌಹಾರಬೇಡಿ. ಇದು ಎರಡೇ ದಶಾಂಶಕ್ಕೆ ನಿಲ್ಲಿಸಿದ್ದರ ಫಲ. 8,40,000ದಲ್ಲಿ ಆ 0.04 ಶೇಕಡಾ ಅಂದರೆ 336 ರೂಪಾಯಿ, ಇಡೀ ಕಟ್ಟಡಕ್ಕೆ. ಕೂಡಿಸಿದಾಗ 91 ಬಂದರೆ ಚಿಂತೆ ಮಾಡಬೇಕು. ಎರಡು ಮನೆ ಬಿಟ್ಟುಹೋದರೆ ಅಷ್ಟೇ ಬರುತ್ತದೆ.

ಕಂಪ್ಯೂಟರಿನಲ್ಲಿ ಪಟ್ಟಿ ಇದ್ದರೆ ಈ ಕೆಲಸ ಐದು ನಿಮಿಷದ್ದು. ಸಿ ಕಾಲಂನಲ್ಲಿ ಚದರ ಅಡಿ, ಡಿ ಕಾಲಂನಲ್ಲಿ ಬಿಲ್ ಮೊತ್ತ ಇದೆ ಅಂದುಕೊಳ್ಳಿ. 24 ಮನೆ, ಎರಡನೇ ಸಾಲಿನಿಂದ ಶುರು.

```
=COUNT(C2:C25)
=SUM(C2:C25)
=SUM(D2:D25)
=D2/C2
```

ಮೊದಲನೆಯದು ಮನೆಗಳ ಸಂಖ್ಯೆ. ಎರಡನೆಯದು ಒಟ್ಟು ಚದರ ಅಡಿ. ಮೂರನೆಯದು ಒಟ್ಟು ಬಿಲ್, ಅದು ಜಮಾ ಖರ್ಚಿನ ಹಾಳೆಗೆ ತಾಳೆ ಆಗಬೇಕು. ನಾಲ್ಕನೆಯದನ್ನು ಕೆಳಗಿನವರೆಗೂ ಎಳೆಯಿರಿ. ಪ್ರತಿ ಸಾಲಿನಲ್ಲೂ ಒಂದೇ ದರ ಬರಬೇಕು. ಯಾವುದೋ ಒಂದು ಸಾಲಿನಲ್ಲಿ ಬೇರೆ ಬಂದರೆ ಆ ಮನೆಗೆ ಕೈಯಿಂದ ಏನೋ ತಿದ್ದಿದ್ದಾರೆ ಅಂತ ಅರ್ಥ. ಕಾರಣ ಒಳ್ಳೆಯದೇ ಇರಬಹುದು, ಹಳೆ ಬಾಕಿ ಸೇರಿಸಿರಬಹುದು, ಆದರೆ ಅದು ಬೇರೆ ಕಾಲಂನಲ್ಲಿ ಇರಬೇಕು.

ಆದರೆ ಈ ಎಲ್ಲಾ ಪರೀಕ್ಷೆ ಪಾಸಾದರೂ ಲೆಕ್ಕ ತಪ್ಪಿರಬಹುದು. ಇದು ನನಗೆ ತಿಳಿದದ್ದು ವಿಜಯಪುರದ ಗೆಳೆಯನಿಂದ. ಅವನ ಕಟ್ಟಡದಲ್ಲಿ 16 ಮನೆ, ಎಲ್ಲವೂ ಒಂದೇ ನಮೂನೆ, ಸೂಪರ್ ಬಿಲ್ಟಪ್ 1,200 ಚದರ ಅಡಿ. ಒಟ್ಟು 19,200 ಆಗಬೇಕು. ಅವರ ಪಟ್ಟಿಯಲ್ಲಿ 18,900 ಇತ್ತು. ಮನೆಗಳ ಸಂಖ್ಯೆ 16 ಸರಿಯಾಗಿದೆ. ದರವನ್ನು ಪಟ್ಟಿಯ ಮೊತ್ತದಿಂದ ತಿರುಗಿ ಗುಣಿಸಿದರೆ ಖರ್ಚು 5,76,000 ಸರಿಯಾಗಿ ಬರುತ್ತದೆ. ಎಲ್ಲಾ ಸಾಲಿನಲ್ಲೂ ಒಂದೇ ದರ. ಎಲ್ಲಾ ಸರಿ ಅಲ್ವಾ? ಒಂದು ಮನೆಯ ಮುಂದೆ ಮಾತ್ರ 1,200 ಬದಲು 900 ಅಂತ ಇತ್ತು.

ಮೋಸ ಏನೂ ಅಲ್ಲ ಅದು. ಆ ಮನೆ ಎಲ್ಲಕ್ಕಿಂತ ತಡವಾಗಿ ಮಾರಾಟವಾಗಿತ್ತು. 2016ರ ರೇರಾ ಕಾಯ್ದೆ ಬಂದ ಮೇಲೆ ಮನೆ ಮಾರುವಾಗ ಕಾರ್ಪೆಟ್ ಏರಿಯಾ ಹೇಳಬೇಕು. ಕಾರ್ಪೆಟ್ ಏರಿಯಾ ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ. ಒಳಗಿನ ಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಸೂಪರ್ ಬಿಲ್ಟಪ್‌ನಲ್ಲಿ ಹೊರಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟ್, ಓಡಾಡುವ ಜಾಗದ ಪಾಲು ಎಲ್ಲಾ ಸೇರಿರುತ್ತದೆ. ಹಳೆಯ 15 ಖರೀದಿ ಪತ್ರಗಳಲ್ಲಿ ಸೂಪರ್ ಬಿಲ್ಟಪ್ ಇತ್ತು, ಹೊಸದರಲ್ಲಿ ಕಾರ್ಪೆಟ್. ಸೆಕ್ರೆಟರಿ ಪತ್ರದಲ್ಲಿ ಕಂಡ ಸಂಖ್ಯೆಯನ್ನು ಹಾಗೇ ಎತ್ತಿ ಬರೆದರು.

ಸರಿಯಾದ ದರ 30 ಇದ್ದದ್ದು 30.48 ಆಯಿತು. 900ರ ಮನೆಯವರು 36,000 ಬದಲು 27,429 ಕೊಟ್ಟರು. ಅವರು ಉಳಿಸಿದ 8,571 ರೂಪಾಯಿ ಉಳಿದ 15 ಮನೆಗಳ ಮೇಲೆ ತಲಾ 571ರಂತೆ ಬಿತ್ತು. ವರ್ಷಕ್ಕೆ 571 ಅಂದರೆ ತಿಂಗಳಿಗೆ 50 ರೂಪಾಯಿಯೂ ಇಲ್ಲ. ಯಾರಿಗೆ ಗೊತ್ತಾಗಬೇಕು? ಲಾಭ ಒಬ್ಬರಿಗೆ, ನಷ್ಟ ಹದಿನೈದು ಮಂದಿಗೆ ಚಿಲ್ಲರೆ ಚಿಲ್ಲರೆಯಾಗಿ. ಇಂಥ ತಪ್ಪು ಹತ್ತು ವರ್ಷ ಆರಾಮಾಗಿ ಬದುಕುತ್ತದೆ.

ಅಂದರೆ ಪಟ್ಟಿಯನ್ನು ಪಟ್ಟಿಯಿಂದಲೇ ಪರೀಕ್ಷೆ ಮಾಡಿದರೆ ಕೂಡು ಕಳೆಯ ತಪ್ಪು ಸಿಗುತ್ತದೆ, ಅಳತೆಯ ತಪ್ಪು ಸಿಗುವುದಿಲ್ಲ. ಅದಕ್ಕೆ ಹೊರಗಿನ ಕಾಗದವೇ ಬೇಕು. ಒಂದು ಸುಲಭ ಉಪಾಯ ಇದೆ. ನಿಮ್ಮ ಮನೆಯ ಸರಿ ಮೇಲಿನ ಮತ್ತು ಕೆಳಗಿನ ಮನೆಗಳು ಸಾಮಾನ್ಯವಾಗಿ ಒಂದೇ ಅಳತೆಯವು. ಪಟ್ಟಿಯಲ್ಲಿ 101, 201, 301, 401 ಒಂದೇ ಸಂಖ್ಯೆ ತೋರಿಸದಿದ್ದರೆ ಯಾಕೆ ಅಂತ ಕೇಳಿ. ಮೇಲಿನ ಮಹಡಿಯವರಿಗೆ ಟೆರೇಸ್ ಬಿಟ್ಟುಕೊಟ್ಟಿರಬಹುದು, ಅದು ಕಾಗದದಲ್ಲಿ ಇರುತ್ತದೆ.

ಇಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದಿದೆ. ಯಾವ ಏರಿಯಾ ಸರಿ, ಕಾರ್ಪೆಟ್ಟಾ, ಸೂಪರ್ ಬಿಲ್ಟಪ್ಪಾ? ಘೋಷಣಾ ಪತ್ರದಲ್ಲಿ ಶೇಕಡಾವಾರು ಇದ್ದರೆ ಅದೇ ಕೊನೆಯ ಮಾತು. ಅದರ ಆಚೆಗೆ ಹೇಳುವುದಾದರೆ, ಎಲ್ಲರಿಗೂ ಒಂದೇ ಅಳತೆಗೋಲು ಇದ್ದರೆ ಯಾವುದಾದರೂ ಹೆಚ್ಚು ಕಡಿಮೆ ಒಂದೇ. ನಮ್ಮ ಕಟ್ಟಡದ ಎಲ್ಲಾ ಮನೆಗಳಲ್ಲೂ ಕಾರ್ಪೆಟ್ ಏರಿಯಾ ಸೂಪರ್ ಬಿಲ್ಟಪ್‌ನ ಶೇ. 76 ಅಂತಿಟ್ಟುಕೊಳ್ಳಿ. ನನ್ನದು 950 ಆಗುತ್ತದೆ, ಒಟ್ಟು 21,280 ಆಗುತ್ತದೆ. ಚದರ ಅಡಿ ದರ 30ರಿಂದ ಸುಮಾರು 39.47ಕ್ಕೆ ಏರುತ್ತದೆ. ನನ್ನ ಪಾಲು? ಅದೇ 37,500. ದರ ಏರಿತು ಅಂತ ಹೆದರಬೇಕಿಲ್ಲ. ಗೋಧಿ ಸೇರಿನಲ್ಲಿ ಅಳೆದರೂ ಕಿಲೋದಲ್ಲಿ ತೂಗಿದರೂ ಗೋಧಿ ಅಷ್ಟೇ. ಅರ್ಧ ಮಂದಿಗೆ ಸೇರು, ಅರ್ಧ ಮಂದಿಗೆ ಕಿಲೋ ಆದಾಗ ಗೋಳು ಶುರು.

ಇನ್ನು ಎಲ್ಲರಿಗೂ ಸಮಾನವಾಗಿ ಹಾಕಿ ಅನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ, ಅವರಲ್ಲಿ ಹೆಚ್ಚಿನವರು ದೊಡ್ಡ ಮನೆಯವರು. ಸಮಾನವಾಗಿ ಹಾಕಿದರೆ ನಮ್ಮಲ್ಲಿ ಎಲ್ಲರಿಗೂ 35,000. ಚದರ ಅಡಿ ಪ್ರಕಾರ 30,000, 37,500, 45,000. ವಾಚ್‌ಮನ್ ದೊಡ್ಡ ಮನೆಯನ್ನು ಜಾಸ್ತಿ ಕಾಯುತ್ತಾನಾ ಅನ್ನೋ ವಾದದಲ್ಲಿ ಒಂದಿಷ್ಟು ನ್ಯಾಯ ಇದೆ ಅಂತ ನನಗೂ ಅನಿಸುತ್ತದೆ. ಆದರೆ ಈ ಕಾಯ್ದೆಯ ಅಡಿ ಬರುವ ಕಟ್ಟಡದಲ್ಲಿ ಕೈ ಎತ್ತಿ ಬಹುಮತದಿಂದ ಅದನ್ನು ಬದಲಾಯಿಸಲು ಬರುವುದಿಲ್ಲ.

ಮೇಲಿನ ಸಂಖ್ಯೆ, ಅಂದರೆ ಹಂಚುವ ಒಟ್ಟು ಮೊತ್ತದ ಬಗ್ಗೆ ಒಂದೇ ಮಾತು. ಸಂಘದ ಠೇವಣಿಗೆ ಬಂದ ಬಡ್ಡಿ, ಟೆರೇಸಿನ ಮೊಬೈಲ್ ಟವರ್ ಬಾಡಿಗೆ ಇಂಥದ್ದೇನಾದರೂ ಇದ್ದರೆ ಅದು ಎಲ್ಲಿ ಹೋಯಿತು ನೋಡಿ. ಅದು ಸಾಮಾನ್ಯ ಲಾಭ. ಖರ್ಚು ಹಂಚುವ ಅದೇ ಶೇಕಡಾವಾರಿನಲ್ಲಿ ಅದೂ ನಿಮಗೆ ಸೇರಬೇಕು. ಖರ್ಚಿನಿಂದ ಕಳೆದಿರಬೇಕು, ಇಲ್ಲವೇ ಸಭೆಯ ಠರಾವಿನ ಪ್ರಕಾರ ಮುಂದಿನ ದೊಡ್ಡ ರಿಪೇರಿಗಂತ ಕೂಡಿಡುವ ಸಿಂಕಿಂಗ್ ಫಂಡಿಗೆ ಹೋಗಿರಬೇಕು. ಎರಡೂ ಕಡೆ ಕಾಣದಿದ್ದರೆ ಕೇಳಿ.

ಈಗ ಕಾಕಾ ಕೇಳಿದ ಪ್ರಶ್ನೆಗೆ ಬರೋಣ. ಬಿಲ್ಡರ್ ಕೊಡುವುದಿಲ್ಲ, ಸಂಬಳ ಹೇಗೆ ಕೊಡುವುದು? ಅವರ ಕಷ್ಟ ಸುಳ್ಳಲ್ಲ. ಒಂದನೇ ತಾರೀಕಿಗೆ ವಾಚ್‌ಮನ್ ಕೈ ಚಾಚುತ್ತಾನೆ, ಅವನಿಗೆ 10ನೇ ಕಲಮು ಓದಿ ಹೇಳಲು ಆಗುತ್ತದಾ? ಆದರೆ ದುಡ್ಡು ಕೈಗೆ ಬರುವುದು ಬೇರೆ, ಲೆಕ್ಕದಲ್ಲಿ ಬರೆಯುವುದು ಬೇರೆ. ಕಾಕಾ ಎರಡನ್ನೂ ಬೆರೆಸಿಬಿಟ್ಟಿದ್ದರು. ಬಾರದ ದುಡ್ಡನ್ನು ಲೆಕ್ಕದಿಂದಲೇ ತೆಗೆದು, ಅದನ್ನು ಉಳಿದವರ ಖರ್ಚು ಮಾಡಿದ್ದರು.

ಸರಿಯಾದ ರೀತಿಯಲ್ಲಿ 24 ಮನೆಗೂ 30ರಂತೆ ಬಿಲ್ ಹಾಕಬೇಕು. ಆದಾಯದ ಕಡೆ 8,40,000 ಬರುತ್ತದೆ. ಬಿಲ್ಡರ್ ಎರಡು ಮನೆಯ 75,000 ಕೊಡಲಿಲ್ಲ ಅಂದರೆ ಆಸ್ತಿ ಹೊಣೆ ಪಟ್ಟಿಯಲ್ಲಿ ಬರಬೇಕಾದ ಬಾಕಿ ಅಂತ ಅವನ ಹೆಸರಿನಲ್ಲಿ ನಿಲ್ಲುತ್ತದೆ. ಅಷ್ಟರವರೆಗೆ ಕೈಯಲ್ಲಿ ದುಡ್ಡು ಸಾಲದಿದ್ದರೆ ನಮ್ಮಿಂದ ಮುಂಗಡ ತೆಗೆದುಕೊಳ್ಳಿ, ಮುಂಗಡ ಅಂತಲೇ ಬರೆಯಿರಿ. ನಾವು ಕೊಡುವುದು ಅಷ್ಟೇ ದುಡ್ಡು ಇರಬಹುದು. ಆದರೆ ಮೊದಲಿನ ರೀತಿಯಲ್ಲಿ ಅದು ಹೋಯಿತು ಅಂತಲೇ ಅರ್ಥ, ಈ ರೀತಿಯಲ್ಲಿ ತಿರುಗಿ ಬರಬೇಕಾದದ್ದು ಅಂತ ದಾಖಲೆ ಇರುತ್ತದೆ. ಬಾಕಿದಾರರ ಪಟ್ಟಿಯಲ್ಲಿ ಬಿಲ್ಡರ್ ಹೆಸರೇ ಇಲ್ಲದಿದ್ದರೆ, ಕಟ್ಟಡದಲ್ಲಿ ಖಾಲಿ ಮನೆಗಳಿದ್ದರೆ, ಒಂದೋ ಅವನು ಪೂರ್ತಿ ಕೊಟ್ಟಿದ್ದಾನೆ ಅಥವಾ ಅವನಿಗೆ ಬಿಲ್ಲೇ ಹಾಕಿಲ್ಲ. ಎರಡರಲ್ಲಿ ಯಾವುದು ಅಂತ ನೀವೇ ಊಹಿಸಿ.

ಭಾನುವಾರ ಪಾರ್ಕಿಂಗ್‌ನಲ್ಲಿ ಸಭೆ ಆಯಿತು. ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಮಳೆ ನೀರು ಹರಿಯುತ್ತಿತ್ತು. ನಾನು ಒಂದೇ ಸಾಲು ಕೇಳಿದೆ: ಪಟ್ಟಿಯ ಚದರ ಅಡಿ ಕೂಡಿಸಿದರೆ ಎಷ್ಟು, ಘೋಷಣಾ ಪತ್ರದಲ್ಲಿ ಎಷ್ಟು? ಯಾರ ಮೇಲೂ ಆರೋಪ ಮಾಡಲಿಲ್ಲ, ಮಾಡುವ ಕಾರಣವೂ ಇರಲಿಲ್ಲ. ಕಾಕಾ ತಾವೇ ಎದ್ದು ನಿಂತು 2,500 ಕಡಿಮೆ ಇದೆ ಅಂದರು. ಪಟ್ಟಿ ತಿದ್ದಿದ ಮೇಲೆ ನನ್ನ ಬಾಕಿ 5,250 ಹೋಗಿ 1,500 ಆಯಿತು. 3,750 ಕಡಿಮೆ. ಅದೇ ಸಭೆಯಲ್ಲಿ ಬಿಲ್ಡರ್ ಬಾಕಿ ಬರುವವರೆಗೆ ಮನೆಗೆ ಇಷ್ಟು ಅಂತ ಮುಂಗಡ ಕೊಡುವ ಠರಾವೂ ಆಯಿತು, ಹಾಗಾಗಿ ಅವತ್ತು ನನ್ನ ಜೇಬಿನಿಂದ ಹೋಗಿದ್ದು ಹೆಚ್ಚು ಕಡಿಮೆ ಅಷ್ಟೇ.

ಬಿಲ್ಡರ್‌ಗೆ ನೋಟಿಸ್ ಹೋಯಿತು, ಉತ್ತರ ಬರಲಿಲ್ಲ. ಆದರೆ ಬಾಕಿ ಇಟ್ಟ ಮನೆ ಕೈ ಬದಲಾದರೆ ಕೊಂಡವರ ಮೇಲೂ ಆ ಬಾಕಿಯ ಹೊಣೆ ಬರುತ್ತದೆ, ಕಾಯ್ದೆಯಲ್ಲೇ ಹಾಗಿದೆ. ಅದಕ್ಕೇ ಮನೆ ಕೊಳ್ಳುವವರು ಸಂಘದಿಂದ ಬಾಕಿ ಇಲ್ಲ ಅನ್ನೋ ಪತ್ರ ಕೇಳುತ್ತಾರೆ. ದೀಪಾವಳಿ ಮುಗಿದ ಮೇಲೆ ಮೂರನೇ ಮಹಡಿಯ ಮನೆಗೆ ಗಿರಾಕಿ ಸಿಕ್ಕರು. ಬಿಲ್ಡರ್ ಕಡೆಯ ಹುಡುಗ ಕಾಕಾ ಮನೆಗೆ ಬಂದು ಆ ಪತ್ರ ಕೇಳಿದ. ಕಾಕಾ ಚಹಾ ಕೊಟ್ಟರು, ಲೆಡ್ಜರ್ ತೆಗೆದು 37,500ರ ಮೇಲೆ ಬೆರಳಿಟ್ಟು ತೋರಿಸಿದರು. ಎರಡು ದಿನಕ್ಕೆ ಚೆಕ್ ಬಂತು. ನಾಲ್ಕನೇ ಮಹಡಿಯದಕ್ಕೆ ಇನ್ನೂ ಬೀಗ ಇದೆ, ಅದರ ಬಾಕಿ ಈ ವರ್ಷದ ಹಾಳೆಯಲ್ಲಿ ಹಾಗೇ ನಿಂತಿದೆ.